ಖಾಲಿ ಹೊಟ್ಟೆಯ ಸಕ್ಕರೆ: ಎಂಟು ಗಂಟೆಯ ಲೆಕ್ಕ

ಲ್ಯಾಬುಗಳಲ್ಲಿ ಫಾಸ್ಟಿಂಗ್ ಶುಗರ್ ಅಥವಾ ಎಫ್‌ಬಿಎಸ್ ಎಂದು ಕರೆಯುವ ರಕ್ತಪರೀಕ್ಷೆಗೆ ಒಂದು ಷರತ್ತಿದೆ. ರಕ್ತ ಕೊಡುವುದಕ್ಕೆ ಮುಂಚಿನ ಕನಿಷ್ಠ 8 ಗಂಟೆ ಹೊಟ್ಟೆಗೆ ನೀರಲ್ಲದೆ ಬೇರೇನೂ ಹೋಗಿರಬಾರದು. ಇಲ್ಲಿ ಉಪವಾಸ ಎಂದರೆ ಅನ್ನ ಬಿಡುವುದಷ್ಟೇ ಅಲ್ಲ. ಕ್ಯಾಲೊರಿ ಇರುವ ಯಾವ ಪದಾರ್ಥವನ್ನೂ ತಿನ್ನದೆ, ಕುಡಿಯದೆ ಇರುವುದು. ಒಂದು ಬಿಸ್ಕತ್ತು, ಅರ್ಧ ಲೋಟ ಮಜ್ಜಿಗೆ, ಒಂದು ಗುಟುಕು ಕಾಫಿ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ಪರೀಕ್ಷೆಯ ಫಲಿತಾಂಶ ಬರುವುದು ಒಂದು ಸಂಖ್ಯೆಯಾಗಿ. ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ಪ್ಲಾಸ್ಮಾದಲ್ಲಿ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಇದೆ ಎಂಬುದನ್ನು ಅದು ಹೇಳುತ್ತದೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಇಟ್ಟುಕೊಂಡಿರುವ ಗಡಿಗಳ ಪ್ರಕಾರ 100ಕ್ಕಿಂತ ಕಡಿಮೆ ಇದ್ದರೆ ಸಹಜ, 100ರಿಂದ 125ರವರೆಗೆ ಮಧುಮೇಹಪೂರ್ವ ಸ್ಥಿತಿ, 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ವಿಶ್ವ ಆರೋಗ್ಯ ಸಂಸ್ಥೆ ನಡುವಿನ ಸ್ಥಿತಿಯನ್ನು 110ರಿಂದ ಲೆಕ್ಕ ಹಾಕುತ್ತದೆ. 126ರ ಗಡಿಯಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಸಹಜ ಎಂಬುದಕ್ಕೂ ಕಾಯಿಲೆ ಎಂಬುದಕ್ಕೂ ನಡುವೆ ಇರುವ ಅಂತರ ಇಪ್ಪತ್ತಾರು ಇಪ್ಪತ್ತೇಳು ಮಿಲಿಗ್ರಾಂ ಅಷ್ಟೆ. ಇಷ್ಟು ಕಿರಿದಾದ ಅಂತರದಲ್ಲಿ ಒಬ್ಬರ ಆರೋಗ್ಯದ ತೀರ್ಮಾನ ಆಗಬೇಕಾದರೆ ಅಳೆಯುವ ಹೊತ್ತಿನಲ್ಲಿ ದೇಹ ಯಾವ ಸ್ಥಿತಿಯಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು. 8 ಗಂಟೆಯ ನಿಯಮ ಇರುವುದು ಆ ಸ್ಥಿತಿಯನ್ನು ಎಲ್ಲರಲ್ಲೂ ಒಂದೇ ಆಗಿಸುವುದಕ್ಕೆ.

ಊಟ ರಕ್ತ ಸೇರುವ ಬಗೆ

ರಾತ್ರಿ 9 ಗಂಟೆಗೆ ಒಬ್ಬರು ಅನ್ನ, ಸಾರು, ಪಲ್ಯ, ಮಜ್ಜಿಗೆಯ ಊಟ ಮುಗಿಸಿದರು ಎಂದುಕೊಳ್ಳಬಹುದು. ಅನ್ನದ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ಒಡೆಯುತ್ತದೆ. ಊಟ ಶುರುವಾದ ಹತ್ತು ಹದಿನೈದು ನಿಮಿಷದಲ್ಲೇ ರಕ್ತದ ಸಕ್ಕರೆ ಏರತೊಡಗುತ್ತದೆ. ಆರೋಗ್ಯವಂತರಲ್ಲಿ ಸುಮಾರು ಒಂದು ಗಂಟೆಯ ಹೊತ್ತಿಗೆ ಅದು ಏರಿಕೆಯ ತುದಿ ಮುಟ್ಟಿ, ಎರಡು ಮೂರು ಗಂಟೆಯಲ್ಲಿ ಊಟಕ್ಕೆ ಮುಂಚೆ ಇದ್ದ ಮಟ್ಟಕ್ಕೆ ಇಳಿಯುತ್ತದೆ.

ಹಾಗಿದ್ದರೆ ಮೂರು ಗಂಟೆ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲುವುದಿಲ್ಲ, ಏಕೆಂದರೆ ಸಕ್ಕರೆಯ ಮಟ್ಟ ಇಳಿದ ಮಾತ್ರಕ್ಕೆ ಜೀರ್ಣಕ್ರಿಯೆ ಮುಗಿದಿರುವುದಿಲ್ಲ. ಪಿಷ್ಟ, ಕೊಬ್ಬು, ಪ್ರೋಟೀನು ಮೂರೂ ಇರುವ ಊಟ ಜಠರದಿಂದ ಕರುಳಿಗೆ ಸ್ವಲ್ಪ ಸ್ವಲ್ಪವಾಗಿ ಜಾರುತ್ತದೆ. ಎಣ್ಣೆ, ತುಪ್ಪ ಹೆಚ್ಚಿದ್ದಷ್ಟೂ ಜಾರುವುದು ನಿಧಾನ. ಇಂಥ ಊಟದ ಗ್ಲೂಕೋಸ್ ಐದಾರು ಗಂಟೆಯವರೆಗೂ ಕರುಳಿನಿಂದ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಅಷ್ಟೂ ಹೊತ್ತು ಮೇದೋಜೀರಕ ಗ್ರಂಥಿ ಇನ್ಸುಲಿನ್ ಅನ್ನು ಹೆಚ್ಚಾಗಿ ಸುರಿಸುತ್ತ ಆ ಗ್ಲೂಕೋಸನ್ನು ಸ್ನಾಯುಗಳಿಗೂ ಯಕೃತ್ತಿಗೂ ತಲುಪಿಸುತ್ತಿರುತ್ತದೆ. ಮಧುಮೇಹ ಇರುವವರಲ್ಲಿ ಏರಿಕೆ ಹೆಚ್ಚು, ಇಳಿಯುವುದಕ್ಕೆ ಹಿಡಿಯುವ ಸಮಯವೂ ಹೆಚ್ಚು. ಇಬ್ಬರು ಬೇರೆ ಬೇರೆ ಊಟ ಮಾಡಿ ಮೂರು ಗಂಟೆಯ ನಂತರ ರಕ್ತ ಕೊಟ್ಟರೆ, ಅವರ ಸಂಖ್ಯೆಗಳಲ್ಲಿನ ವ್ಯತ್ಯಾಸ ದೇಹದ್ದೋ ಊಟದ್ದೋ ಹೇಳಲಾಗದು.

ಐದಾರು ಗಂಟೆಯ ಜೀರ್ಣಕ್ರಿಯೆಯ ಮೇಲೆ ಒಂದೆರಡು ಗಂಟೆ ಸೇರಿಸಿದರೆ 8 ಆಗುತ್ತದೆ. ಆ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರಲ್ಲೂ ಊಟದ ಪ್ರಭಾವ ಕಳೆದು, ಇನ್ಸುಲಿನ್ ತನ್ನ ಕೆಳಮಟ್ಟಕ್ಕೆ ಬಂದು ನಿಂತಿರುತ್ತದೆ. ಒಂದು ರಾತ್ರಿಯ ನಿದ್ದೆಗೂ ಈ ಅವಧಿ ಸರಿಹೊಂದುವುದರಿಂದ ಜನ ಪಾಲಿಸುವುದೂ ಸುಲಭ.

ರಾತ್ರಿಯಿಡೀ ಯಕೃತ್ತಿನ ಕೆಲಸ

ಕರುಳಿನಿಂದ ಸಕ್ಕರೆ ಬರುವುದು ನಿಂತ ಮೇಲೂ ರಕ್ತದಲ್ಲಿ ಸಕ್ಕರೆ ಬತ್ತುವುದಿಲ್ಲ. ಬತ್ತಿದರೆ ಮಿದುಳು ಕೆಲಸ ನಿಲ್ಲಿಸುತ್ತದೆ. ವಯಸ್ಕರ ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ, ಅಂದರೆ ಗಂಟೆಗೆ ಸುಮಾರು 5 ಗ್ರಾಂ ಗ್ಲೂಕೋಸ್ ಬಳಸುತ್ತದೆ. ಆದರೆ 60 ಕಿಲೋ ತೂಕದ ಒಬ್ಬರ ಇಡೀ ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಗ್ಲೂಕೋಸ್ ಸುಮಾರು 4 ಗ್ರಾಂ ಮಾತ್ರ. ಅದು ಒಂದು ಚಹಾ ಚಮಚ ಸಕ್ಕರೆಗಿಂತ ಕಡಿಮೆ. ಖರ್ಚಾದಷ್ಟನ್ನು ಕ್ಷಣಕ್ಷಣವೂ ತುಂಬಿಕೊಡುವವರು ಬೇಕು, ಆ ಕೆಲಸ ಯಕೃತ್ತಿನದು.

ಯಕೃತ್ತು ಈ ದೇಹದ ಕಣಜ. ಊಟದ ಹೊತ್ತಿನಲ್ಲಿ ಬಂದ ಹೆಚ್ಚುವರಿ ಗ್ಲೂಕೋಸನ್ನು ಅದು ಗ್ಲೈಕೊಜೆನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ರಾತ್ರಿ ಇನ್ಸುಲಿನ್ ಇಳಿದು ಗ್ಲುಕಗಾನ್ ಎಂಬ ಹಾರ್ಮೋನು ಏರಿದಾಗ ಆ ಗ್ಲೈಕೊಜೆನ್ ಒಡೆದು ಮತ್ತೆ ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತದೆ. ಜೊತೆಗೆ ಅಮೈನೊ ಆಮ್ಲ, ಲ್ಯಾಕ್ಟೇಟ್, ಗ್ಲಿಸರಾಲ್‌ಗಳಿಂದ ಹೊಸದಾಗಿಯೂ ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ. ಬೆಳಗಿನ ಹೊತ್ತಿಗೆ ಎರಡೂ ಮೂಲಗಳ ಪಾಲು ಹೆಚ್ಚುಕಡಿಮೆ ಸಮನಾಗಿರುತ್ತದೆ. ಒಟ್ಟು ಪೂರೈಕೆ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 2 ಮಿಲಿಗ್ರಾಂ. 60 ಕಿಲೋ ತೂಕದವರಲ್ಲಿ ಗಂಟೆಗೆ 7 ಗ್ರಾಂ ಆಸುಪಾಸು.

ಯಕೃತ್ತು ಅಳತೆ ಮೀರಿ ಸುರಿಯದಂತೆ ತಡೆಹಿಡಿಯುವುದು ರಾತ್ರಿಯ ಹೊತ್ತು ಸಣ್ಣ ಪ್ರಮಾಣದಲ್ಲಿ ಹರಿಯುತ್ತಿರುವ ಇನ್ಸುಲಿನ್. ಆರೋಗ್ಯವಂತರಲ್ಲಿ ಈ ಹಿಡಿತ ಎಷ್ಟು ನಿಖರ ಎಂದರೆ ಬೆಳಗಿನ ಸಂಖ್ಯೆ 70ರಿಂದ 99ರ ನಡುವೆಯೇ ನಿಲ್ಲುತ್ತದೆ. ಟೈಪ್ 2 ಮಧುಮೇಹದಲ್ಲಿ ಯಕೃತ್ತು ಇನ್ಸುಲಿನ್‌ನ ಮಾತು ಕೇಳುವುದಿಲ್ಲ. ಗ್ರಂಥಿಯೂ ಬೇಕಾದಷ್ಟು ಇನ್ಸುಲಿನ್ ಕೊಡಲಾರದು. ಹೊಟ್ಟೆ ಖಾಲಿ ಇದ್ದರೂ ಯಕೃತ್ತು ಸಕ್ಕರೆ ಸುರಿಯುತ್ತಲೇ ಹೋಗಿ ಬೆಳಗಿನ ಸಂಖ್ಯೆ 130, 160, 200 ಆಗುತ್ತದೆ. ರಾತ್ರಿ ಏನೂ ತಿನ್ನದಿದ್ದರೂ ಬೆಳಿಗ್ಗೆ ಸಕ್ಕರೆ ಹೇಗೆ ಏರಿತು ಎಂದು ಅನೇಕರು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಖಾಲಿ ಹೊಟ್ಟೆಯ ಪರೀಕ್ಷೆ ಅಳೆಯುವುದು ತಿಂದ ಸಕ್ಕರೆಯನ್ನಲ್ಲ. ಯಕೃತ್ತು ಮತ್ತು ಇನ್ಸುಲಿನ್ ನಡುವಿನ ಈ ಹಿಡಿತವನ್ನು. ತಿಂದ ಸಕ್ಕರೆ ಇನ್ನೂ ರಕ್ತಕ್ಕೆ ಇಳಿಯುತ್ತಿದ್ದರೆ ಆ ಹಿಡಿತ ಕಣ್ಣಿಗೆ ಬೀಳುವುದೇ ಇಲ್ಲ.

126 ಎಂಬ ಗಡಿಯೂ ಇದೇ ಸ್ಥಿತಿಯ ಮೇಲೆ ನಿಂತಿದೆ. 1997ಕ್ಕೆ ಮುಂಚೆ ಆ ಗಡಿ 140 ಇತ್ತು. ಆ ವರ್ಷ ಅಮೆರಿಕದ ತಜ್ಞರ ಸಮಿತಿ ಅರಿಜೋನಾದ ಪಿಮಾ ಜನಾಂಗ, ಈಜಿಪ್ಟಿನ ಜನ ಮತ್ತು ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಅಂಕಿ ಅಂಶಗಳನ್ನು ನೋಡಿ, ಸಕ್ಕರೆಯಿಂದ ಕಣ್ಣಿನ ಅಕ್ಷಿಪಟಕ್ಕೆ ಆಗುವ ಹಾನಿ ಯಾವ ಮಟ್ಟದಿಂದಾಚೆಗೆ ಏರುತ್ತದೆ ಎಂಬುದನ್ನೂ ಪರಿಗಣಿಸಿ 126ಕ್ಕೆ ಇಳಿಸಿತು. ಆ ಜನರ ಸಕ್ಕರೆಯನ್ನು ಅಳೆದದ್ದು ಖಾಲಿ ಹೊಟ್ಟೆಯಲ್ಲಿ. ತಿಂಡಿ ತಿಂದು ಬಂದವರ ಸಂಖ್ಯೆಯನ್ನು ಈ ಗಡಿಯ ಪಕ್ಕದಲ್ಲಿಟ್ಟು ನೋಡಿದರೆ ಅದಕ್ಕೆ ಅರ್ಥವೇ ಇರುವುದಿಲ್ಲ.

ಒಂದು ಲೋಟ ಕಾಫಿಯ ಲೆಕ್ಕ

ಉಪವಾಸ ಅತಿ ಹೆಚ್ಚು ಮುರಿಯುವುದು ಬೆಳಗಿನ ಕಾಫಿ ಟೀಗಳಿಂದ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಬಹುದು. 60 ಕಿಲೋ ತೂಕದ ಮಹಿಳೆಯೊಬ್ಬರು ರಾತ್ರಿ 9ಕ್ಕೆ ಊಟ ಮುಗಿಸಿದ್ದಾರೆ. ಬೆಳಿಗ್ಗೆ 6:45ಕ್ಕೆ ಅಭ್ಯಾಸದಂತೆ ಸಣ್ಣ ಲೋಟದಲ್ಲಿ ಫಿಲ್ಟರ್ ಕಾಫಿ ಕುಡಿದು 7:30ಕ್ಕೆ ಲ್ಯಾಬಿಗೆ ಹೋಗುತ್ತಾರೆ. ಊಟವಾಗಿ ಹತ್ತೂವರೆ ಗಂಟೆಯಾಗಿದೆ, ತಿಂಡಿ ತಿಂದಿಲ್ಲ, ಆದ್ದರಿಂದ ಖಾಲಿ ಹೊಟ್ಟೆ ಎಂದೇ ಅವರು ಹೇಳುತ್ತಾರೆ.

ಕಾಫಿಯಲ್ಲಿ ಒಂದೂವರೆ ಚಮಚ ಸಕ್ಕರೆ, ಅಂದರೆ 7 ಗ್ರಾಂ. 60 ಮಿಲಿಲೀಟರ್ ಹಾಲಿನಲ್ಲಿ ಹಾಲಿನ ಸಕ್ಕರೆ ಸುಮಾರು 3 ಗ್ರಾಂ. ಒಟ್ಟು 10 ಗ್ರಾಂ. ನಾವು ಬಳಸುವ ಸಕ್ಕರೆಯಲ್ಲಿ ಅರ್ಧ ಮಾತ್ರ ಗ್ಲೂಕೋಸ್, ಉಳಿದರ್ಧ ಫ್ರಕ್ಟೋಸ್. ಹಾಲಿನ ಸಕ್ಕರೆಯಲ್ಲೂ ಗ್ಲೂಕೋಸ್ ಅರ್ಧವೇ. ಹೀಗೆ ಕಳೆದರೂ ಸುಮಾರು 5 ಗ್ರಾಂ ಗ್ಲೂಕೋಸ್ ಉಳಿಯುತ್ತದೆ. ಅವರ ಇಡೀ ರಕ್ತದಲ್ಲಿ ಆ ಹೊತ್ತಿಗೆ ಇದ್ದದ್ದು 4 ಗ್ರಾಂ. ಒಂದು ಸಣ್ಣ ಲೋಟ ಕಾಫಿಯಲ್ಲಿ, ರಕ್ತದಲ್ಲಿರುವುದಕ್ಕಿಂತ ಹೆಚ್ಚು ಗ್ಲೂಕೋಸ್ ಇದೆ.

ಅದರಿಂದ ಸಂಖ್ಯೆ ದುಪ್ಪಟ್ಟಾಗುವುದಿಲ್ಲ. ಗ್ಲೂಕೋಸ್ ರಕ್ತದಲ್ಲಷ್ಟೇ ಉಳಿಯದೆ ಜೀವಕೋಶಗಳ ಸುತ್ತಲಿನ ದ್ರವಕ್ಕೂ ಹರಡುತ್ತದೆ, ಒಂದು ಪಾಲನ್ನು ಯಕೃತ್ತು ದಾರಿಯಲ್ಲೇ ಹಿಡಿದಿಡುತ್ತದೆ, ಇನ್ಸುಲಿನ್ ಕೂಡ ಏರುತ್ತದೆ. ಆದರೂ ಮುಕ್ಕಾಲು ಗಂಟೆಯ ನಂತರ ಹತ್ತರಿಂದ ಇಪ್ಪತ್ತು ಮಿಲಿಗ್ರಾಂ ಏರಿಕೆ ಕಂಡರೆ ಆಶ್ಚರ್ಯವಿಲ್ಲ. ಕಾಫಿ ಕುಡಿಯದಿದ್ದರೆ 94 ಬರಬೇಕಾಗಿದ್ದ ಅವರ ಸಂಖ್ಯೆ 108 ಬಂದರೆ ಸಾಕು, ವರದಿಯಲ್ಲಿ ಸಹಜ ಎಂದಿರಬೇಕಾದಲ್ಲಿ ಮಧುಮೇಹಪೂರ್ವ ಸ್ಥಿತಿ ಎಂದು ಬರುತ್ತದೆ. 115 ಬರಬೇಕಾದವರಿಗೆ 128 ಬಂದರೆ ಮಧುಮೇಹದ ಹಣೆಪಟ್ಟಿಯೇ ಅಂಟುತ್ತದೆ. ಸಕ್ಕರೆ ಹಾಕದ ಹಾಲಿನ ಕಾಫಿಯೂ ಉಪವಾಸ ಮುರಿಯುತ್ತದೆ, ಏಕೆಂದರೆ ಹಾಲಿನ ಸಕ್ಕರೆ ಮತ್ತು ಪ್ರೋಟೀನು ಎರಡೂ ಇನ್ಸುಲಿನ್ ಅನ್ನು ಎಬ್ಬಿಸುತ್ತವೆ.

ಯಾವುದು ಮುರಿಯುತ್ತದೆ, ಯಾವುದು ಇಲ್ಲ

ಇದೇ ಲೆಕ್ಕ ಉಳಿದವಕ್ಕೂ ಅನ್ವಯಿಸುತ್ತದೆ. ಎಳನೀರು ಆರೋಗ್ಯಕ್ಕೆ ಒಳ್ಳೆಯದೆಂಬ ಕಾರಣಕ್ಕೆ ನೀರಿನ ಸಾಲಿಗೆ ಸೇರುವುದಿಲ್ಲ; ಅದರಲ್ಲಿ ಸಕ್ಕರೆ ಇದೆ. ಮಜ್ಜಿಗೆ, ಹಣ್ಣಿನ ರಸ, ರಾಗಿ ಅಂಬಲಿ, ಬೆಲ್ಲ ಹಾಕಿದ ಕಷಾಯ, ಜೇನುತುಪ್ಪ ಬೆರೆಸಿದ ನಿಂಬೆ ನೀರು ಎಲ್ಲವೂ ಉಪವಾಸ ಮುರಿಯುತ್ತವೆ. ಮೆಂತ್ಯ ನೆನೆಸಿದ ನೀರು, ಜೀರಿಗೆ ಕಷಾಯಗಳಲ್ಲಿ ಸಕ್ಕರೆ ಹೆಚ್ಚಿಲ್ಲದಿದ್ದರೂ ಅವುಗಳಲ್ಲಿ ಕರಗಿರುವ ಅಂಶಗಳು ಏನೆಂದು ಲ್ಯಾಬಿನವರಿಗೆ ತಿಳಿಯುವುದಿಲ್ಲ. ರಕ್ತ ಕೊಟ್ಟ ಮೇಲೆ ಕುಡಿಯುವುದೇ ಸರಿ. ದೇವಸ್ಥಾನದಲ್ಲಿ ಕೊಡುವ ತೀರ್ಥ ಬರೀ ತುಳಸಿ ನೀರಾಗಿದ್ದರೆ ತೊಂದರೆಯಿಲ್ಲ. ಹಾಲು, ಜೇನು, ಸಕ್ಕರೆ, ಬಾಳೆಹಣ್ಣಿನ ಪಂಚಾಮೃತವಾದರೆ, ಅಥವಾ ಜೊತೆಗೆ ಕಲ್ಲುಸಕ್ಕರೆಯೋ ಸಿಹಿ ಪ್ರಸಾದವೋ ಬಾಯಿಗೆ ಹೋದರೆ ಉಪವಾಸ ಮುರಿದಂತೆಯೇ.

ಗಮನಕ್ಕೆ ಬಾರದೆ ಸಕ್ಕರೆ ಒಳಗೆ ಹೋಗುವ ದಾರಿಗಳೂ ಇವೆ. ಕೆಮ್ಮಿನ ಸಿರಪ್ಪುಗಳು ಬಹುಪಾಲು ಸಕ್ಕರೆ ಪಾಕ. ಗಂಟಲು ನೋವಿಗೆ ಚಪ್ಪರಿಸುವ ಮಾತ್ರೆ, ಚ್ಯವನಪ್ರಾಶ, ಲೇಹ್ಯ, ಚೂಯಿಂಗ್ ಗಮ್, ಬಾಯಿ ವಾಸನೆಗೆ ಹಾಕಿಕೊಳ್ಳುವ ಸಕ್ಕರೆ ಲೇಪಿತ ಸೋಂಪು ಇವೆಲ್ಲ ಅದೇ ಗುಂಪು. ರಾತ್ರಿ ಮಲಗುವ ಮುಂಚೆ ಕುಡಿದ ಹಾಲನ್ನು ಅನೇಕರು ಊಟದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 9ಕ್ಕೆ ಊಟ ಮಾಡಿ 11:30ಕ್ಕೆ ಹಾಲು ಕುಡಿದವರ ಉಪವಾಸ ಶುರುವಾಗುವುದು 11:30ಕ್ಕೆ. ಅವರು 6:30ಕ್ಕೆ ರಕ್ತ ಕೊಟ್ಟರೆ ಆಗಿರುವುದು 7 ಗಂಟೆ ಮಾತ್ರ. ಇನ್ನೊಂದು ಗಂಟೆ ಕಾಯಬೇಕು.

ನೀರು ಉಪವಾಸವನ್ನು ಮುರಿಯುವುದಿಲ್ಲ. ಬಿಸಿಯಾಗಿದ್ದರೂ ತಣ್ಣಗಿದ್ದರೂ ಬರೀ ನೀರು ಬೇಕೆನಿಸಿದಷ್ಟು ಕುಡಿಯಬಹುದು, ಕುಡಿಯಲೇಬೇಕು ಕೂಡ. ನೀರು ಬಿಟ್ಟು ಬಂದವರ ರಕ್ತನಾಳ ಸಿಗದೆ ಎರಡು ಮೂರು ಸಲ ಸೂಜಿ ಚುಚ್ಚಬೇಕಾಗುತ್ತದೆ, ಕೆಲವರಿಗೆ ತಲೆ ಸುತ್ತಿ ಬರುತ್ತದೆ. ಹಲ್ಲುಜ್ಜುವುದರಿಂದಲೂ ತೊಂದರೆಯಿಲ್ಲ. ಪೇಸ್ಟಿನ ಸಿಹಿಯನ್ನು ಉಗುಳಿ ಬಾಯಿ ಮುಕ್ಕಳಿಸಿದ ಮೇಲೆ ಒಳಗೆ ಹೋಗುವುದು ಲೆಕ್ಕಕ್ಕೆ ಬಾರದಷ್ಟು.

ಕ್ಯಾಲೊರಿಯೇ ಇಲ್ಲದೆ ಸಂಖ್ಯೆಯನ್ನು ಕದಲಿಸುವ ಸಂಗತಿಗಳು ಬೇರೆ ಇವೆ. ಹಾಲು ಸಕ್ಕರೆ ಇಲ್ಲದ ಕಪ್ಪು ಕಾಫಿಯಲ್ಲಿ ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದರ ಕೆಫೀನ್ ಅಡ್ರಿನಲಿನ್ ಹಾರ್ಮೋನನ್ನು ಏರಿಸುತ್ತದೆ, ಅಡ್ರಿನಲಿನ್ ಯಕೃತ್ತಿನಿಂದ ಗ್ಲೂಕೋಸ್ ಹೊರಡಿಸುತ್ತದೆ, ಇನ್ಸುಲಿನ್‌ನ ಕೆಲಸಕ್ಕೂ ಅಡ್ಡಿ ಮಾಡುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಹಾಕಿದ ಎಲೆಯಡಿಕೆಯ ನಿಕೋಟಿನ್‌ನದೂ ಅದೇ ದಾರಿ. ಗುಟ್ಕಾದಲ್ಲಿ ಸಿಹಿಯೂ ಸೇರಿರಬಹುದು. ಬೆಳಗಿನ ಬಿರುಸು ನಡಿಗೆ ಕೆಲವರಲ್ಲಿ ಸಕ್ಕರೆ ಇಳಿಸಿದರೆ ಕೆಲವರಲ್ಲಿ ಏರಿಸುತ್ತದೆ. ಹಿಂದಿನ ರಾತ್ರಿಯ ಮದ್ಯ, ಯಕೃತ್ತು ಹೊಸ ಗ್ಲೂಕೋಸ್ ತಯಾರಿಸುವುದನ್ನೇ ತಡೆಯುತ್ತದೆ, ಹಾಗಾಗಿ ಬೆಳಗಿನ ಸಂಖ್ಯೆ ಸುಳ್ಳಾಗಿ ಇಳಿಯಬಹುದು. ಜ್ವರ, ಸೋಂಕು, ನಿದ್ದೆಗೆಟ್ಟ ರಾತ್ರಿ ಅದನ್ನು ಏರಿಸಬಹುದು. ಹೀಗಾಗಿ ಜ್ವರವಿರುವ ದಿನ ಮಧುಮೇಹದ ತಪಾಸಣೆಗೆ ಹೋಗದಿರುವುದು ಒಳ್ಳೆಯದು. ಉಳಿದ ದಿನ ಎದ್ದು, ನೀರು ಕುಡಿದು, ನಡಿಗೆಯನ್ನು ಸಂಜೆಗೆ ಬಿಟ್ಟು ನೇರವಾಗಿ ಲ್ಯಾಬಿಗೆ ಹೋಗುವುದು ಸರಿಯಾದ ಕ್ರಮ.

ಮಾತ್ರೆ ನುಂಗಬಹುದೇ?

ರಕ್ತದೊತ್ತಡದ ಮಾತ್ರೆ, ಥೈರಾಯ್ಡ್ ಮಾತ್ರೆಗಳನ್ನು ನೀರಿನೊಂದಿಗೆ ನುಂಗಿದರೆ ಉಪವಾಸ ಮುರಿಯುವುದಿಲ್ಲ. ಪರೀಕ್ಷೆಯ ನೆಪದಲ್ಲಿ ಬಿ.ಪಿ. ಮಾತ್ರೆ ಬಿಟ್ಟುಬಿಡುವುದೇ ಹೆಚ್ಚು ಅಪಾಯ. ಆದರೆ ಥೈರಾಯ್ಡ್ ಪರೀಕ್ಷೆಗೂ ಅದೇ ದಿನ ರಕ್ತ ಕೊಡುವುದಿದ್ದರೆ ಆ ಮಾತ್ರೆ ಯಾವಾಗ ನುಂಗಬೇಕೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು.

ಮಧುಮೇಹದ ಔಷಧಿಯ ವಿಚಾರ ಬೇರೆ. ಬೆಳಗಿನ ಮಾತ್ರೆಯನ್ನಾಗಲಿ ಇನ್ಸುಲಿನ್ ಚುಚ್ಚುಮದ್ದನ್ನಾಗಲಿ ತಿಂಡಿಯ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳು ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಅವನ್ನು ನುಂಗಿ, ತಿಂಡಿ ತಿನ್ನದೆ ಲ್ಯಾಬಿನ ಸರದಿಯಲ್ಲಿ ಕೂತರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆದ್ದರಿಂದ ಸಾಮಾನ್ಯವಾಗಿ ಬೆಳಗಿನ ಔಷಧಿಯನ್ನು ಜೊತೆಗೆ ಒಯ್ದು, ರಕ್ತ ಕೊಟ್ಟ ಮೇಲೆ ತಿಂಡಿಯೊಂದಿಗೆ ತೆಗೆದುಕೊಳ್ಳುವಂತೆ ಹೇಳುತ್ತಾರೆ. ರಾತ್ರಿಯ ದೀರ್ಘಾವಧಿ ಇನ್ಸುಲಿನ್ ಪಡೆಯುವವರು ಹಿಂದಿನ ದಿನವೇ ವೈದ್ಯರ ಸೂಚನೆ ಪಡೆಯಬೇಕು. ಪ್ರೆಡ್ನಿಸೊಲೊನ್‌ನಂಥ ಸ್ಟೀರಾಯ್ಡ್ ಮಾತ್ರೆಗಳು ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಅವನ್ನು ತಾವಾಗಿ ನಿಲ್ಲಿಸಬಾರದು, ಸೇವಿಸುತ್ತಿರುವುದನ್ನು ಲ್ಯಾಬಿನವರಿಗೂ ವೈದ್ಯರಿಗೂ ತಿಳಿಸಬೇಕು.

ಲ್ಯಾಬಿನಲ್ಲಿ ಕಾಯುವಾಗ ಕೈ ನಡುಗಿ, ಮೈ ಬೆವರಿ, ಎದೆ ಬಡಿತ ಜೋರಾಗಿ, ಮಂಕು ಕವಿದಂತಾದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಿರುವ ಸಾಧ್ಯತೆ ಇದೆ. ಆಗ ಉಪವಾಸದ ಮಾತೇ ಬೇಡ. ಮೂರು ನಾಲ್ಕು ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿಗೆ ಹಾಕಿ ಕೂಡಲೇ ಕುಡಿಯಬೇಕು, ಅಲ್ಲಿನ ಸಿಬ್ಬಂದಿಗೆ ಹೇಳಬೇಕು. ಪರೀಕ್ಷೆಯನ್ನು ಇನ್ನೊಂದು ದಿನ ಮಾಡಿಸಬಹುದು.

ಎಂಟಕ್ಕಿಂತ ಹೆಚ್ಚಾದರೆ

8 ಗಂಟೆ ಎಂಬುದು ಕನಿಷ್ಠ ಮಿತಿ. 10, 12 ಗಂಟೆಯಾದರೂ ಫಲಿತಾಂಶ ಕೆಡುವುದಿಲ್ಲ. ಕೊಬ್ಬಿನಂಶದ ಪರೀಕ್ಷೆಯೂ ಜೊತೆಗಿದ್ದರೆ ಲ್ಯಾಬುಗಳು 9ರಿಂದ 12 ಗಂಟೆ ಕೇಳುವುದು ಟ್ರೈಗ್ಲಿಸರೈಡ್ ಇಳಿಯಲು ಹೆಚ್ಚು ಸಮಯ ಬೇಕಾಗುವುದರಿಂದ. ಆದರೆ ಉಪವಾಸ ಉದ್ದವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ಸಂಜೆ 6ಕ್ಕೆ ಊಟ ಮಾಡಿ ಮರುದಿನ 11ಕ್ಕೆ ರಕ್ತ ಕೊಟ್ಟರೆ 17 ಗಂಟೆಯಾಗುತ್ತದೆ. ಅಷ್ಟು ಹೊತ್ತಿಗೆ ಯಕೃತ್ತಿನ ಕಣಜ ಬರಿದಾಗುತ್ತ ಬಂದು, ದೇಹ ಕೊಬ್ಬನ್ನು ಹೆಚ್ಚು ಹೆಚ್ಚಾಗಿ ಉರಿಸತೊಡಗಿರುತ್ತದೆ. ಅಳೆಯಬೇಕಾಗಿದ್ದ ಸ್ಥಿತಿಯನ್ನು ದಾಟಿ ಅದು ಬೇರೊಂದು ಸ್ಥಿತಿಗೆ ಹೊರಳುತ್ತಿರುತ್ತದೆ.

ಗಂಟೆಯ ಎಣಿಕೆಯ ಜೊತೆಗೆ ದಿನದ ಹೊತ್ತೂ ಮುಖ್ಯ. ನಸುಕಿನಲ್ಲಿ ಕಾರ್ಟಿಸಾಲ್ ಮತ್ತಿತರ ಹಾರ್ಮೋನುಗಳು ಏರಿ, ದೇಹವನ್ನು ಎಚ್ಚರಕ್ಕೆ ಸಿದ್ಧ ಮಾಡುತ್ತ ಯಕೃತ್ತಿನಿಂದ ಗ್ಲೂಕೋಸ್ ಹೊರಡಿಸುತ್ತವೆ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ ಅಂಕಿ ಅಂಶಗಳ ವಿಶ್ಲೇಷಣೆ 2000ದಲ್ಲಿ ಪ್ರಕಟವಾಯಿತು. ಬೆಳಿಗ್ಗೆ ಪರೀಕ್ಷೆಗೆ ಬಂದವರಿಗಿಂತ ಮಧ್ಯಾಹ್ನ ಉಪವಾಸವಿದ್ದು ಬಂದವರ ಸರಾಸರಿ ಸುಮಾರು 5 ಮಿಲಿಗ್ರಾಂ ಕಡಿಮೆ ಇತ್ತು. ಮಧ್ಯಾಹ್ನದ ಗುಂಪಿನಲ್ಲಿ ಮಧುಮೇಹ ಎಂದು ಹೊಸದಾಗಿ ಪತ್ತೆಯಾದವರ ಪ್ರಮಾಣ ಬೆಳಗಿನ ಗುಂಪಿನದರ ಅರ್ಧದಷ್ಟೇ ಆಯಿತು. ಗಡಿಗಳನ್ನು ಬೆಳಗಿನ ರಕ್ತದ ಆಧಾರದ ಮೇಲೆ ಹಾಕಿರುವುದರಿಂದ ಪರೀಕ್ಷೆಯೂ ಬೆಳಿಗ್ಗೆಯೇ ನಡೆಯಬೇಕು.

ಧಾರ್ಮಿಕ ಉಪವಾಸದ ದಿನ ಪರೀಕ್ಷೆ ಮಾಡಿಸಿದರೆ ಅನುಕೂಲ ಎಂದು ಕೆಲವರು ಭಾವಿಸುವುದುಂಟು. ಏಕಾದಶಿಯಂದು ಅನ್ನ ಬಿಟ್ಟು ಅವಲಕ್ಕಿ, ಹಣ್ಣು, ಹಾಲು ಸೇವಿಸಿದವರು ಲ್ಯಾಬಿನ ಲೆಕ್ಕದಲ್ಲಿ ಉಪವಾಸವಿಲ್ಲ. ನೀರನ್ನೂ ಬಿಟ್ಟ ನಿರ್ಜಲ ಉಪವಾಸದಲ್ಲಿ ದೇಹ ಒಣಗಿರುತ್ತದೆ, ಅವಧಿಯೂ ಮಿತಿ ಮೀರಿರುತ್ತದೆ. ರಮಜಾನಿನಲ್ಲಿ ಸಹರಿಯ ಊಟ ನಸುಕಿನಲ್ಲೇ ಆಗುವುದರಿಂದ 8 ಗಂಟೆ ತುಂಬುವುದು ಮಧ್ಯಾಹ್ನದ ನಂತರ. ಆಗ ದಿನದ ಹೊತ್ತಿನ ವ್ಯತ್ಯಾಸ ಬಂದು ಸೇರುತ್ತದೆ. ಮೂರೂ ಸಂದರ್ಭಗಳಲ್ಲಿ ಮಾಮೂಲಿ ದಿನವೊಂದನ್ನು ಆರಿಸಿಕೊಳ್ಳುವುದು ಲೇಸು. ಹಿಂದಿನ ಎರಡು ಮೂರು ದಿನ ಊಟವೂ ಎಂದಿನಂತೆಯೇ ಇರಬೇಕು. ಪರೀಕ್ಷೆ ಹತ್ತಿರವಾಯಿತೆಂದು ಅನ್ನ, ಮುದ್ದೆ, ಸಿಹಿಯನ್ನೆಲ್ಲ ಬಿಟ್ಟರೆ ಬರುವ ಸಂಖ್ಯೆ ಆ ಮೂರು ದಿನದ್ದೇ ಹೊರತು ಆ ವ್ಯಕ್ತಿಯ ನಿತ್ಯ ಜೀವನದ್ದಲ್ಲ.

ಟ್ಯೂಬಿನೊಳಗೆ

ಉಪವಾಸ ಸರಿಯಾಗಿದ್ದರೂ ಫಲಿತಾಂಶ ತಪ್ಪುವ ಒಂದು ಜಾಗ ಉಳಿದಿದೆ. ತೋಳಿನಿಂದ ತೆಗೆದ ರಕ್ತದಲ್ಲಿನ ಕಣಗಳು ಟ್ಯೂಬಿನೊಳಗೂ ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಸಾಮಾನ್ಯ ಟ್ಯೂಬಿನಲ್ಲಿ ಬಿಟ್ಟರೆ ಗಂಟೆಗೆ ಶೇಕಡಾ 5ರಿಂದ 7ರಷ್ಟು ಗ್ಲೂಕೋಸ್ ಕರಗುತ್ತದೆ. 128 ಇದ್ದ ರಕ್ತ ಎರಡು ಗಂಟೆಯಲ್ಲಿ 115ರ ಆಸುಪಾಸಿಗೆ ಇಳಿದು, ಮಧುಮೇಹ ಇರುವವರಿಗೆ ಇಲ್ಲ ಎಂಬ ವರದಿ ಬರಬಹುದು. ಇದನ್ನು ತಡೆಯಲು ಗ್ಲೂಕೋಸ್ ಪರೀಕ್ಷೆಗೆ ಬೂದು ಬಣ್ಣದ ಮುಚ್ಚಳದ ಟ್ಯೂಬ್ ಬಳಸುತ್ತಾರೆ. ಅದರಲ್ಲಿರುವ ಸೋಡಿಯಂ ಫ್ಲೋರೈಡ್ ಕಣಗಳ ಈ ಕೆಲಸವನ್ನು ನಿಲ್ಲಿಸುತ್ತದೆ. ಅದರ ಪರಿಣಾಮ ಪೂರ್ತಿಯಾಗಲು ಒಂದೆರಡು ಗಂಟೆ ಹಿಡಿಯುವುದರಿಂದ ಅಷ್ಟರಲ್ಲಿ ಕೆಲವು ಮಿಲಿಗ್ರಾಂ ಹೋಗಿರುತ್ತದೆ. ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವ ವ್ಯವಸ್ಥೆಯಲ್ಲಿ ಟ್ಯೂಬ್ ಎಷ್ಟು ಹೊತ್ತಿಗೆ ಲ್ಯಾಬ್ ತಲುಪುತ್ತದೆ, ತಣ್ಣಗಿಟ್ಟು ಒಯ್ಯುತ್ತಾರೆಯೇ ಎಂದು ಕೇಳುವುದು ಈ ಕಾರಣಕ್ಕೆ ಸರಿಯಾದ ಪ್ರಶ್ನೆ.

ಮನೆಯ ಗ್ಲೂಕೋಮೀಟರಿನ ಸಂಖ್ಯೆ ಲ್ಯಾಬಿನ ಸಂಖ್ಯೆಗಿಂತ ಶೇಕಡಾ 15ರಷ್ಟು ಹೆಚ್ಚುಕಡಿಮೆ ಆಗಲು ಮಾನದಂಡಗಳಲ್ಲೇ ಅವಕಾಶವಿದೆ. ಚಿಕಿತ್ಸೆ ಪಡೆಯುತ್ತಿರುವವರು ದಿನನಿತ್ಯ ನೋಡಿಕೊಳ್ಳಲು ಅದು ಉಪಯುಕ್ತ. ಮಧುಮೇಹ ಇದೆಯೋ ಇಲ್ಲವೋ ತೀರ್ಮಾನಿಸಲು ಅದನ್ನು ಬಳಸುವಂತಿಲ್ಲ.

ಉಪವಾಸ ಮುರಿದಿದ್ದರೆ

ಮರೆತು ಕಾಫಿ ಕುಡಿದಿದ್ದರೆ ರಕ್ತ ಕೊಡುವ ಮುಂಚೆಯೇ ಹೇಳುವುದು ಸರಿ. ಏನು ಸೇವಿಸಿದ್ದು, ಎಷ್ಟು ಹೊತ್ತಿಗೆ ಎಂಬುದನ್ನು ತಿಳಿಸಿದರೆ ಲ್ಯಾಬಿನವರು ಮರುದಿನ ಬರಲು ಹೇಳಬಹುದು, ಇಲ್ಲವೇ ಅದನ್ನು ರ್‍ಯಾಂಡಮ್ ಶುಗರ್ ಎಂದು ದಾಖಲಿಸಬಹುದು. ರ್‍ಯಾಂಡಮ್ ಪರೀಕ್ಷೆಗೆ ಬೇರೆಯೇ ಗಡಿ ಇದೆ. ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವ ಲಕ್ಷಣಗಳ ಜೊತೆಗೆ ಸಂಖ್ಯೆ 200 ಅಥವಾ ಹೆಚ್ಚಿದ್ದರೆ ಉಪವಾಸವಿಲ್ಲದೆಯೇ ಮಧುಮೇಹ ಎಂದು ಹೇಳಬಹುದು. ಮುಚ್ಚಿಟ್ಟರೆ ಆಗುವ ನಷ್ಟ ಒಂದು ದಿನದ್ದಲ್ಲ. ತಪ್ಪು ಸಂಖ್ಯೆಯನ್ನು ನಂಬಿ ಔಷಧಿ ಶುರುವಾಗಬಹುದು, ಇರುವ ಔಷಧಿಯ ಪ್ರಮಾಣ ಏರಬಹುದು.

ಉಪವಾಸ ಬೇಡದ ಪರೀಕ್ಷೆಗಳೂ ಇವೆ. ಎಚ್‌ಬಿಎ1ಸಿ ಪರೀಕ್ಷೆ ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ, ಯಾವ ಹೊತ್ತಿನಲ್ಲಾದರೂ ಮಾಡಿಸಬಹುದು, 6.5 ಶೇಕಡಾ ಅದರ ಗಡಿ. ರಕ್ತಹೀನತೆ ಇರುವವರಲ್ಲಿ, ಇತ್ತೀಚೆಗೆ ರಕ್ತ ಪಡೆದವರಲ್ಲಿ ಅದು ದಾರಿ ತಪ್ಪಿಸಬಹುದು, ಆದ್ದರಿಂದ ಖಾಲಿ ಹೊಟ್ಟೆಯ ಪರೀಕ್ಷೆಯ ಅಗತ್ಯ ಹೋಗಿಲ್ಲ. ಗರ್ಭಿಣಿಯರನ್ನು ಹಸಿದಿಟ್ಟು ಮತ್ತೆ ಮತ್ತೆ ಕರೆಸುವುದು ಕಷ್ಟವೆಂದು ಭಾರತದ ಸರ್ಕಾರಿ ಮಾರ್ಗಸೂಚಿಯಲ್ಲಿ ಬೇರೊಂದು ಕ್ರಮವಿದೆ. ಊಟವಾಗಿರಲಿ ಬಿಡಲಿ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ, ಎರಡು ಗಂಟೆಯ ನಂತರ ಅಳೆದು, 140 ಅಥವಾ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ ಎಂದು ಪರಿಗಣಿಸುತ್ತಾರೆ.

ಖಾಲಿ ಹೊಟ್ಟೆಯ ರಕ್ತ ಕೊಟ್ಟ ಮೇಲೆ ಊಟದ ನಂತರದ ಪರೀಕ್ಷೆ, ಅಂದರೆ ಪಿಪಿಬಿಎಸ್ ಇದ್ದರೆ, ಎರಡು ಗಂಟೆಯ ಲೆಕ್ಕ ಶುರುವಾಗುವುದು ತಿಂಡಿಯ ಮೊದಲ ತುತ್ತಿನಿಂದ, ಕೈ ತೊಳೆದ ಹೊತ್ತಿನಿಂದಲ್ಲ. ಆ ತಿಂಡಿ ನಿತ್ಯದ ತಿಂಡಿಯೇ ಆಗಿರಬೇಕು. ನಡುವೆ ಮತ್ತೇನನ್ನೂ ತಿನ್ನಬಾರದು.

ಎಲ್ಲ ನಿಯಮ ಪಾಲಿಸಿದರೂ ಒಬ್ಬರದೇ ಖಾಲಿ ಹೊಟ್ಟೆಯ ಸಕ್ಕರೆ ದಿನದಿಂದ ದಿನಕ್ಕೆ ಶೇಕಡಾ ಐದಾರರಷ್ಟು ಏರಿಳಿಯುತ್ತದೆ. ಇಂದು 122 ಬಂದವರಿಗೆ ವಾರದ ನಂತರ 128 ಬರಬಹುದು, 116 ಕೂಡ ಬರಬಹುದು. ಹೀಗಾಗಿ ಲಕ್ಷಣಗಳಿಲ್ಲದವರಲ್ಲಿ ಒಂದು ಸಲ 126 ದಾಟಿದ ಮಾತ್ರಕ್ಕೆ ಮಧುಮೇಹ ಎಂದು ಘೋಷಿಸುವುದಿಲ್ಲ. ಅದೇ ಪರೀಕ್ಷೆಯನ್ನು ಇನ್ನೊಂದು ದಿನ ಮಾಡಿ, ಇಲ್ಲವೇ ಎಚ್‌ಬಿಎ1ಸಿ ಜೊತೆಗೆ ಹೋಲಿಸಿ ಖಚಿತ ಮಾಡಿಕೊಳ್ಳುತ್ತಾರೆ. ಎರಡನೆಯ ಸಲವೂ ಅದೇ ಲ್ಯಾಬ್, ಬೆಳಗಿನ ಅದೇ ಹೊತ್ತು, ಅಷ್ಟೇ ಗಂಟೆಯ ಉಪವಾಸ ಇದ್ದರೆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು, ವ್ಯತ್ಯಾಸ ದೇಹದ್ದೇ ಎಂದು ಹೆಚ್ಚಿನ ಭರವಸೆಯಿಂದ ಹೇಳಬಹುದು.